‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಎಂಬ ಸಾಲಿಗೆ ಒಪ್ಪುವ ಮುನ್ನ

ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ತೋಟದ ದಿನಚರಿಯನ್ನು ರೀಲ್ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತೇನೆ. ಕಳೆದ ಮಾರ್ಚ್‌ನಲ್ಲಿ ಹೋಂಸ್ಟೇ ಬುಕಿಂಗ್ ಮಾಡುವ ಒಂದು ಸಂಸ್ಥೆಯಿಂದ ಇಮೇಲ್ ಬಂತು. ಕಾಫಿ ಹೂವಿನ ಒಂದು ರೀಲ್, ಮೂರು ಸ್ಟೋರಿ, ಜೊತೆಗೆ ಚಿತ್ರೀಕರಿಸಿದ ಮೂಲ ತುಣುಕುಗಳು. ಸಂಭಾವನೆ 15,000 ರೂಪಾಯಿ, ಅಂತಿಮ ಒಪ್ಪಿಗೆಯ ನಂತರ. ಕೊನೆಯಲ್ಲಿ, ಈ ಎಲ್ಲವನ್ನೂ ‘ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ’ ಬಳಸಬಹುದು ಎಂಬ ಸಾಲು. ಹಣದ ಸಾಲನ್ನು ಮಾತ್ರ ಎರಡು ಸಲ ಓದಿ ‘ಒಪ್ಪಿದ್ದೇನೆ’ ಎಂದು ಉತ್ತರಿಸಿದೆ. ಆಮೇಲೆ ಅವರು ಕಳುಹಿಸಿದ ಕರಾರಿಗೂ ಸಹಿ ಹಾಕಿದೆ.

ಮಳೆ ಬಿದ್ದು ಒಂದು ವಾರಕ್ಕೆ ತೋಟ ಬೆಳ್ಳಗಾಯಿತು. ರೀಲ್ ಕಳುಹಿಸಿದೆ. ಹನ್ನೆರಡು ದಿನಗಳ ಬಳಿಕ ಬಂದ ಉತ್ತರ: ಬೆಳಗಿನ ಬೆಳಕಿನಲ್ಲಿ ಹೂವನ್ನು ಮತ್ತೆ ಚಿತ್ರೀಕರಿಸಿ. ಕಾಫಿ ಹೂ ನಿಲ್ಲುವುದು ಮೂರು ನಾಲ್ಕು ದಿನ. ಅಷ್ಟರಲ್ಲಿ ಅದು ಕಂದಾಗಿ ಉದುರಿತ್ತು. ತಿದ್ದುಪಡಿ ಎಷ್ಟು ಬಾರಿ, ಅವರು ಎಷ್ಟು ದಿನದೊಳಗೆ ಉತ್ತರಿಸಬೇಕು ಎಂಬುದು ಇಮೇಲಿನಲ್ಲೂ ಕರಾರಿನಲ್ಲೂ ಇರಲಿಲ್ಲ. ಐದು ಸಲ ತಿದ್ದಿಸಿ ಜೂನ್‌ನಲ್ಲಿ ಒಪ್ಪಿದರು. ಹಣ ಬಂದದ್ದು ಆಗಸ್ಟ್‌ನಲ್ಲಿ.

ಅದನ್ನಾದರೂ ಸಹಿಸಿಕೊಂಡೆ. ಅಕ್ಟೋಬರ್‌ನಲ್ಲಿ ಮೈಸೂರಿನ ನನ್ನ ತಂಗಿ ಫೋನ್ ಮಾಡಿ, ‘ಅಕ್ಕಾ, ಅಮ್ಮ ಜಾಹೀರಾತಿನಲ್ಲಿ ಬರುತ್ತಿದ್ದಾರೆ’ ಎಂದಳು. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಾಳುಮೆಣಸು ಹರಡುತ್ತಿದ್ದ ಅಮ್ಮ, ಮೇಲೆ ‘ಈ ವಾರಾಂತ್ಯ ರಿಯಾಯಿತಿ’ ಎಂಬ ಬರಹ. ಆ ದೃಶ್ಯ ನನ್ನ ರೀಲಿನಲ್ಲೇ ಇರಲಿಲ್ಲ, ಮೂಲ ತುಣುಕುಗಳಲ್ಲಿತ್ತು. ಅಮ್ಮನನ್ನು ಯಾರೂ ಕೇಳಿರಲಿಲ್ಲ, ಮೊದಲಿಗೆ ನಾನೇ ಕೇಳಿರಲಿಲ್ಲ. ಅದು ಈಗಲೂ ಚುಚ್ಚುತ್ತದೆ. ತೆಗೆಯಿರಿ ಎಂದು ಬರೆದರೆ, ನಾನೇ ಸಹಿ ಹಾಕಿದ ಕರಾರಿನ ‘ಶಾಶ್ವತವಾಗಿ’ ಸಾಲನ್ನೇ ತೋರಿಸಿ ಉತ್ತರಿಸಿದರು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಕೊಡುವ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಅಂದರೆ ಆ ಸಾಲು ಇಲ್ಲದಿದ್ದರೆ ನನಗೆ ಐದು ವರ್ಷದ ಮಿತಿಯಾದರೂ ಸಿಗುತ್ತಿತ್ತು. ‘ಶಾಶ್ವತವಾಗಿ’ ಎಂಬ ಒಂದೇ ಪದ ಅದನ್ನೂ ಕಿತ್ತುಕೊಂಡಿತು.

ರೀಲ್ ಮಾಡುವ ದುಡ್ಡು ಬೇರೆ, ಅದನ್ನು ಜಾಹೀರಾತಾಗಿ ಓಡಿಸುವ ದುಡ್ಡು ಬೇರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಈಗ ಯಾರೇ ಬರೆದರೂ ನನ್ನ ಉತ್ತರ ಹೀಗಿರುತ್ತದೆ:

‘ಒಂದು ರೀಲ್, ಒಂದು ನಿಮಿಷದೊಳಗೆ. ನಿಮ್ಮ ಖಾತೆಯಲ್ಲಿ ಮರುಹಂಚಿಕೆಗೆ 90 ದಿನಗಳ ಅನುಮತಿ. ಹಣ ಕೊಟ್ಟು ಓಡಿಸುವ ಜಾಹೀರಾತಿಗೆ ತಿಂಗಳ ಲೆಕ್ಕದಲ್ಲಿ ಪ್ರತ್ಯೇಕ ಸಂಭಾವನೆ. ಮೂಲ ತುಣುಕುಗಳನ್ನು ಕೊಡುವುದಿಲ್ಲ. ತಿದ್ದುಪಡಿ ಎರಡು ಬಾರಿ. ಮರುಚಿತ್ರೀಕರಣ ಅದರಲ್ಲಿ ಸೇರಿಲ್ಲ. ಮೂರು ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ. ಅರ್ಧ ಹಣ ಚಿತ್ರೀಕರಣಕ್ಕೆ ಮುನ್ನ.’

ಇದನ್ನು ಕಳುಹಿಸಿದ ಮೇಲೆ ಇಬ್ಬರು ಉತ್ತರಿಸಲೇ ಇಲ್ಲ. ಮೂರನೆಯವರು 90 ದಿನವನ್ನು 120 ಮಾಡಿ ಎಂದು ಕೇಳಿದರು, ಹೆಚ್ಚಿನ ದಿನಗಳಿಗೆ ಹಣವನ್ನೂ ಕೊಟ್ಟರು.