ಒಂದೂವರೆ ಎಂಎಂ ವೈರ್: ಶಿವರಾಂಪೇಟೆಯಲ್ಲಿ ಕೊಂಡ ಎರಡು ಕಾಯಿಲ್‌ಗಳ ಹೋಲಿಕೆ

ಮನೆಯ ವೈರಿಂಗ್‌ಗೆ ಯಾವುದು ತಕ್ಕದ್ದೆಂದು ತಿಳಿಯಲು ಮೈಸೂರಿನ ಶಿವರಾಂಪೇಟೆಯಲ್ಲಿ 1.5 ಚದರ ಮಿ.ಮೀ.ನ ಎರಡು ಕಾಯಿಲ್‌ಗಳನ್ನು ಕೊಂಡು ಹೋಲಿಸಿದೆ. ಮೊದಲನೆಯದು ಅಧಿಕೃತ ಮಾರಾಟಗಾರರಿಂದ ಬಿಲ್ ಸಹಿತ ಬಂದದ್ದು, ಎರಡನೆಯದು ಸಾಕಷ್ಟು ಅಗ್ಗವಾಗಿ ಸಿಕ್ಕಿದ್ದು. ಎರಡರ ಮೇಲೂ ಐಎಸ್‌ಐ ಗುರುತು ಮತ್ತು 90 ಮೀಟರ್ ಎಂಬ ಬರಹ ಇದ್ದವು.

ಗುರುತಿನ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ಅದರ ಮೇಲೆ ಮತ್ತು ಕೆಳಗೆ ಇರುವ ಸಂಖ್ಯೆಗಳನ್ನೇ ಓದಬೇಕು. ಪಿವಿಸಿ ಹೊದಿಕೆಯ ವೈರಿಗೆ ಮೇಲೆ IS 694 ಎಂದೂ, ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಐಎಸ್‌ಐ ಗುರುತಿನ ಪರವಾನಗಿ ನೀಡುವ ಸಂಸ್ಥೆಯ BIS Care ಆ್ಯಪ್‌ನಲ್ಲಿ ಹಾಕಿದಾಗ ಮೊದಲ ಕಾಯಿಲ್‌ನ ತಯಾರಕರ ಹೆಸರು, ವಿಳಾಸ ಲೇಬಲ್ಲಿನೊಂದಿಗೆ ಹೊಂದಿದವು. ಎರಡನೆಯದರ ಸಂಖ್ಯೆ ಬೇರೆಯೇ ವಸ್ತುವಿನ ಪರವಾನಗಿಯಾಗಿತ್ತು. ಆದರೂ ಇಷ್ಟಕ್ಕೇ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೆಸರಾಂತ ಕಂಪನಿಯ ಲೇಬಲ್ಲನ್ನು ಸಂಖ್ಯೆಯ ಸಮೇತ ನಕಲು ಮಾಡಿದ್ದರೆ ಆ್ಯಪ್ ಅದನ್ನು ಹಿಡಿಯಲಾರದು.

ಆದ್ದರಿಂದ ತಾಮ್ರವನ್ನೇ ಪರೀಕ್ಷಿಸಿದೆ. ಸಾಧಾರಣ ಮಲ್ಟಿಮೀಟರ್ ಒಂದೆರಡು ಓಮ್‌ನಷ್ಟು ಕಡಿಮೆ ರೋಧವನ್ನು ನಂಬುವಂತೆ ಅಳೆಯುವುದಿಲ್ಲ, ಅದರ ಕಡ್ಡಿಗಳ ರೋಧವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಾಗಾಗಿ 12 ವೋಲ್ಟ್ ಬ್ಯಾಟರಿ, ಕಾರಿನ 21 ವ್ಯಾಟ್ ಬಲ್ಬ್ ಮತ್ತು ಎರಡೂ ಕಾಯಿಲ್‌ಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿದೆ. ಎಲ್ಲದರಲ್ಲೂ ಹರಿದದ್ದು ಅದೇ 1.4 ಆಂಪಿಯರ್. ಮೊದಲ ಕಾಯಿಲ್‌ನ ಎರಡು ತುದಿಗಳ ನಡುವೆ 1.65 ವೋಲ್ಟ್ ಸಿಕ್ಕಿತು, ಅಂದರೆ 1.18 ಓಮ್. ಹಲವು ಎಳೆಗಳ 1.5 ವೈರಿಗೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 13.3 ಓಮ್ ಗರಿಷ್ಠ ಮಿತಿಯಾದ್ದರಿಂದ 90 ಮೀಟರಿಗೆ ಸುಮಾರು 1.2 ಓಮ್ ಆಗುತ್ತದೆ. ಎರಡನೆಯದರಲ್ಲಿ ಸಿಕ್ಕಿದ್ದು 2.5 ವೋಲ್ಟ್, ಅಂದರೆ 1.79 ಓಮ್.

ಇಲ್ಲಿ ಉದ್ದವನ್ನೂ ಅಳೆಯುವುದು ಅಗತ್ಯ. ತಾಮ್ರ ತೆಳುವಾದರೆ ರೋಧ ಏರುತ್ತದೆ, ಉದ್ದ ಕಡಿಮೆಯಾದರೆ ಇಳಿಯುತ್ತದೆ. ಎರಡೂ ಮೋಸ ಒಟ್ಟಿಗೆ ಇದ್ದರೆ ಒಂದನ್ನೊಂದು ಮುಚ್ಚಿಬಿಡಬಹುದು. ಬಿಚ್ಚಿ ಅಳೆದಾಗ ಅಗ್ಗದ ಕಾಯಿಲ್ 85 ಮೀಟರಷ್ಟೇ ಇತ್ತು. ಹಾಗಾಗಿ ಅದರ ರೋಧ ಕಿಲೋಮೀಟರಿಗೆ 21 ಓಮ್ ಆಯಿತು. ಅದೇ ಬಗೆಯ 1 ಚದರ ಮಿ.ಮೀ. ವೈರಿಗೇ ಮಿತಿ 19.5 ಓಮ್ ಇರುವಾಗ, ಒಂದೂವರೆ ಎಂದು ಕೊಂಡ ವೈರು ಒಂದಕ್ಕೂ ಸಾಲದು. ಎಳೆಗಳನ್ನು ಬ್ಲೇಡಿನಿಂದ ಕೆರೆದಾಗ ಒಳಗೂ ಕೆಂಪಾಗಿಯೇ ಇದ್ದುದರಿಂದ ಇದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಲ್ಲ, ಬಹುಶಃ ತಾಮ್ರವನ್ನೇ ಕಡಿಮೆ ಹಾಕಿದ ವೈರು ಎಂದು ತಿಳಿಯಿತು.

ವೈರಿನಂತೆಯೇ ಬಿಲ್ ಸಹಿತ ಕೊಂಡ ಒಂದು ಸ್ವಿಚ್ಚನ್ನೂ ಅಗ್ಗದ ಒಂದನ್ನೂ ಹೋಲಿಸಿದೆ. ಸ್ವಿಚ್‌ಗಳಲ್ಲಿ ನೋಡಬೇಕಾದ ಸಂಖ್ಯೆ IS 3854, ಸಾಕೆಟ್ಟಿಗೆ IS 1293. ಅಗ್ಗದ 6 ಆಂಪಿಯರ್ ಸ್ವಿಚ್ಚಿನಲ್ಲಿ ಗುರುತು ಡಬ್ಬಿಯ ಮೇಲಷ್ಟೇ ಇತ್ತು, ಸ್ವಿಚ್ಚಿನ ಮೈಮೇಲೆ ಇರಲಿಲ್ಲ. ವೈರು ಸಿಕ್ಕಿಸುವ ಟರ್ಮಿನಲ್ಲಿಗೆ ಅಯಸ್ಕಾಂತ ಹಿಡಿದಾಗ ಅದು ಅಂಟಿಕೊಂಡಿತು, ಅಂದರೆ ಹಿತ್ತಾಳೆಯ ಬಣ್ಣದ ಲೇಪನದ ಒಳಗೆ ಕಬ್ಬಿಣವಿತ್ತು. ಬಿಲ್ ಸಹಿತ ಕೊಂಡ ಸ್ವಿಚ್ಚಿನಲ್ಲಿ ಅಂಟಿದ್ದು ತಿರುಪು ಮಾತ್ರ. ತಿರುಪು ಉಕ್ಕಿನದಾಗಿರುವುದು ದೋಷವಲ್ಲ, ಆದ್ದರಿಂದ ಅದನ್ನು ಕಳಚಿ ತೆಗೆದ ಮೇಲೆಯೇ ಅಯಸ್ಕಾಂತ ಹಿಡಿಯಬೇಕು.