ಮೂರು ವರ್ಷದ 4ಕೆ ಟಿವಿ: ಸಿನಿಮಾಕ್ಕೆ ಸೈ, ಹಳೇ ಆಟದ ಡಿವಿಡಿಗೆ?

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲಿ ಆಗ ಹಳೇ ಡಿವಿಡಿ ಹೊರಗೆ ಬರುತ್ತದೆ. 2005ರಲ್ಲಿ ನಮ್ಮ ಮನೆಯವರು ಆಡಿಸಿದ ಹರಕೆ ಆಟ, ಊರಿನ ವಿಡಿಯೊದವರು ತೆಗೆದದ್ದು. ಭಾನುವಾರ ರಾತ್ರಿ ಗಂಜಿ ಊಟ ಮುಗಿಸಿ, ಎಲೆಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿ ಕೂತರು ಅಂದರೆ ಚಂಡೆ ಶುರು.

ಈ 55 ಇಂಚಿನ ಟಿವಿ ತಂದು ಮೂರು ವರ್ಷ ಆಯಿತು. ಒಟಿಟಿ ಸಿನಿಮಾಗಳಲ್ಲಿ ಒಂದು ದಿನವೂ ದೂರು ಬಂದಿಲ್ಲ. ಆದರೆ ಡಿವಿಡಿಯ ಆಟವನ್ನು ಪೆನ್‌ಡ್ರೈವ್‌ಗೆ ಹಾಕಿ ಮೊದಲ ಸಲ ತೋರಿಸಿದಾಗ, ಪುಂಡುವೇಷ ದಿಗಿಣ ಹಾಕುತ್ತಿದ್ದಂತೆ ದೊಡ್ಡಪ್ಪ ಹೇಳಿದರು: “ಎಂತ ಮಾರಾಯಾ ಇದು, ವೇಷದವನ ಮೈಮೇಲೆ ಬಾಚಣಿಗೆ ಎಳೆದ ಹಾಗಿದೆ!”

ಹೌದು, ತಿರುಗುವ ಕೈಯ ಅಂಚಿನಲ್ಲೆಲ್ಲ ಅಡ್ಡಡ್ಡ ಹಲ್ಲುಗಳು. ಒಂದು ವರ್ಷ ಟಿವಿಯನ್ನೇ ಬೈದೆ. ತಪ್ಪು ನನ್ನದೇ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಡಿವಿಡಿಯ ಚಿತ್ರ 720×576. ಅದರಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳಿವೆ. ಒಂದರಲ್ಲಿ ಬೆಸ ಗೆರೆಗಳು, 1/50 ಸೆಕೆಂಡ್ ನಂತರದ ಇನ್ನೊಂದರಲ್ಲಿ ಸಮ ಗೆರೆಗಳು. ಅಷ್ಟರಲ್ಲಿ ವೇಷ ಮುಂದೆ ಹೋಗಿರುತ್ತದೆ. ಎರಡನ್ನೂ ಸುಮ್ನೆ ಹೆಣೆದು ತೋರಿಸಿದರೆ ಹಲ್ಲು ಕಾಣುತ್ತದೆ. ಇದನ್ನು ಸರಿಯಾಗಿ ಬಿಡಿಸುವುದಕ್ಕೆ ಡಿಇಂಟರ್‌ಲೇಸಿಂಗ್ ಅನ್ನುತ್ತಾರೆ. ಟಿವಿಗೂ ಅದು ಬರುತ್ತದೆ, ಆದರೆ ಗೆರೆಗಳು ಮೂಲದಲ್ಲಿ ಇದ್ದ ಹಾಗೇ ಸಿಗಬೇಕು. ನಾನು ಏನು ಮಾಡಿದ್ದೆ? ‘ಎಚ್‌ಡಿ ಮಾಡೋಣ’ ಅಂತ ಯಾವುದೋ ಕನ್ವರ್ಟರ್‌ನಲ್ಲಿ ಬಿಡಿಸದೆಯೇ 1080ಕ್ಕೆ ಹಿಗ್ಗಿಸಿದ್ದೆ. 576 ಗೆರೆ 1080 ಆಗುವಾಗ ಬೆಸ ಸಮ ಎಲ್ಲ ಕಲಸಿ ಹೋಯಿತು. ದೋಸೆ ಹಿಟ್ಟಿನಿಂದ ಉದ್ದು ಬೇರೆ ತೆಗೆಯುವುದು ಸಾಧ್ಯವಾ? ಅದೇ ಮೂಲ ಡಿಸ್ಕನ್ನು ಡಿವಿಡಿ ಪ್ಲೇಯರ್‌ನಲ್ಲಿ ಹಾಕಿದಾಗ ಹಲ್ಲು ಹೆಚ್ಚುಕಡಿಮೆ ಮಾಯ.

ಹಾಗಾದರೆ ಎಲ್ಲವನ್ನೂ ಟಿವಿಗೇ ಬಿಡಬಹುದಲ್ಲ ಅಂದರೆ, ಅದಕ್ಕೂ ಪೂರ್ತಿ ಕೈಲಾಗುವುದಿಲ್ಲ. ಡಿವಿಡಿಯಲ್ಲಿ ಸುಮಾರು 4 ಲಕ್ಷ ಚುಕ್ಕಿ, ಟಿವಿ ಪರದೆಯಲ್ಲಿ ಸುಮಾರು 83 ಲಕ್ಷ. ಇಪ್ಪತ್ತರಲ್ಲಿ ಹತ್ತೊಂಬತ್ತನ್ನು ಟಿವಿ ತಾನೇ ಊಹಿಸಬೇಕು. ಸೆಕೆಂಡಿಗೆ 50 ಚಿತ್ರ ಅಂದರೆ ಒಂದೊಂದಕ್ಕೆ 20 ಮಿಲಿಸೆಕೆಂಡ್ ಮಾತ್ರ. ಮುಂದಿನ ಚಿತ್ರಗಳಿಗಾಗಿ ಹೆಚ್ಚು ಕಾಯುವಂತೆಯೂ ಇಲ್ಲ. ಸಾಫ್ಟ್‌ವೇರ್‌ಗೆ ಆ ಅವಸರ ಇಲ್ಲ. ಹಿಂದಿನ ಮುಂದಿನ ಚಿತ್ರಗಳನ್ನು ನೋಡುತ್ತ ರಾತ್ರಿಯಿಡೀ ಕೆಲಸ ಮಾಡಬಹುದು. (ಕರೆಂಟ್ ಇದ್ದರೆ. ಜುಲೈಯಲ್ಲಿ ಎರಡು ಸಲ ಅರ್ಧಕ್ಕೇ ನಿಂತಿತು.)

ಆ ಹುಮ್ಮಸ್ಸಿನಲ್ಲಿ ಎಐ ಸಾಫ್ಟ್‌ವೇರ್ ಹಾಕಿ ಒಂಬತ್ತು ನಿಮಿಷದ ತುಣುಕನ್ನು 4ಕೆ ಮಾಡಿದೆ. ಲ್ಯಾಪ್‌ಟಾಪ್‌ಗೆ ಒಂದು ರಾತ್ರಿ ಬೇಕಾಯಿತು. ಭುಜಕೀರ್ತಿಯ ಅಂಚು ಚೂಪಾಗಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಬಣ್ಣದ ವೇಷ ಬಂತು ನೋಡಿ, ಮುಖದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಸಾಲುಸಾಲಾಗಿ ಇಟ್ಟ ಚಿಟ್ಟಿಯನ್ನು ಅದು ಕೊಳೆ ಅಂದುಕೊಂಡು ಒರೆಸಿಬಿಟ್ಟಿತ್ತು! ಒಂದು ಕೆನ್ನೆ ಮೇಣದ ಗೊಂಬೆಯ ಹಾಗೆ ನುಣ್ಣಗೆ, ಇನ್ನೊಂದರ ಚಿಟ್ಟಿ ಬಿಳಿ ಗಡ್ಡವಾಗಿತ್ತು. ಟಿವಿಯ ಸಂಸ್ಕರಣೆ ಇಷ್ಟವಾಗದಿದ್ದರೆ ರಿಮೋಟ್‌ನಲ್ಲಿ ಆಫ್ ಮಾಡಬಹುದು. ಫೈಲಿನಲ್ಲೇ ಅಚ್ಚಾದದ್ದನ್ನು ಆಫ್ ಮಾಡಲಾಗುವುದಿಲ್ಲ. ಸಾಲದ್ದಕ್ಕೆ 4ಕೆ ಫೈಲನ್ನು ಟಿವಿ ಹಿಗ್ಗಿಸದಿದ್ದರೂ ಅದರ ಶಾರ್ಪ್‌ನೆಸ್ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಕಿರೀಟದ ಸುತ್ತ ಬಿಳಿ ಗೆರೆ ಕಂಡಾಗ ಅದನ್ನು ಇಳಿಸಿದೆ.

ಈಗ ಕೆಲಸವನ್ನು ಹಂಚಿಕೊಟ್ಟಿದ್ದೇನೆ. ಡಿಸ್ಕಿನ ಮೂಲ ಫೈಲಿನಿಂದ ಗೆರೆ ಬಿಡಿಸುವುದಷ್ಟೇ ಸಾಫ್ಟ್‌ವೇರ್‌ಗೆ, ಗಾತ್ರ 576ರಲ್ಲೇ ಇರುತ್ತದೆ:

```
ffmpeg -i aata.vob -vf bwdif=mode=send_field -c:v libx264 -crf 16 -c:a copy aata.mkv
```

ಅರ್ಧ ಚಿತ್ರ ಒಂದೊಂದೂ ಪೂರ್ತಿ ಚಿತ್ರವಾಗಿ ಸೆಕೆಂಡಿಗೆ 50 ಸಿಗುತ್ತವೆ. ದಿಗಿಣದ ಓಟ ಕಡಿಯುವುದಿಲ್ಲ. ದೊಡ್ಡದು ಮಾಡುವ ಕೆಲಸ ಟಿವಿಯದು, ಅದನ್ನು ಅದು ಸಾಕಷ್ಟು ಚೆನ್ನಾಗಿಯೇ ಮಾಡುತ್ತದೆ. ಒಟಿಟಿ ಸಿನಿಮಾವನ್ನಂತೂ ಫೈಲಾಗಿ ತೆಗೆದು ತಿದ್ದುವ ಹಾಗಿಲ್ಲ, ಒಳ್ಳೆಯ 1080 ಪ್ರಿಂಟ್‌ಗೆ ಅದು ಬೇಕಾಗಿಯೂ ಇಲ್ಲ. ಹೊಸ ಟಿವಿ ಕೊಳ್ಳುವ ಯೋಚನೆ ಇತ್ತು, ಬಿಟ್ಟೆ. ಐದಕ್ಕೆ ನಾಲ್ಕು ಸ್ಟಾರ್.

ಕಳೆದ ಭಾನುವಾರ ಹೊಸ ಫೈಲ್ ಹಾಕಿದೆ. ದೊಡ್ಡಪ್ಪ ಪೂರ್ತಿ ನೋಡಿ ಹೇಳಿದ್ದು ಒಂದೇ ಮಾತು, “ಭಾಗವತರ ಸ್ವರ ಸ್ವಲ್ಪ ಜಾಸ್ತಿ ಮಾಡು.”