ಬಳ್ಳಾರಿಯಲ್ಲಿ ಕಾರ್ಯಾಗಾರ ನಡೆಸುವವರು ಇದನ್ನು ಓದಿ: ಪ್ರಚಾರದ ಏಜೆನ್ಸಿಯವರು ತೋರಿಸುವ ‘ರಿಜಿಸ್ಟ್ರೇಷನ್’ ನಿಜವಾದ ರಿಜಿಸ್ಟ್ರೇಷನ್ ಅಲ್ಲ

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಮೂಲಕ ನಿಮ್ಮ ಕಾರ್ಯಾಗಾರಕ್ಕೆ ಜನರನ್ನು ತುಂಬಿಸಿಕೊಡುತ್ತೇವೆ ಎಂದು ಹೇಳಿಕೊಂಡು ಬರುವವರಿಂದ ನಮ್ಮ ಊರಿನ ತರಬೇತುದಾರರು ಎಚ್ಚರವಾಗಿರಲಿ ಎಂಬ ಒಂದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ಈಗಲೂ ಸಿಟ್ಟು ಬರುತ್ತಿದೆ, ನಾಚಿಕೆಯೂ ಆಗುತ್ತಿದೆ.

ನಾನು ಜೀನ್ಸ್ ಕಟಿಂಗ್ ಮಾಸ್ಟರ್. ಪ್ಯಾಟರ್ನ್ ತೆಗೆಯುವುದು, ವಾಷಿಂಗ್ ಆದ ಮೇಲೆ ಬಟ್ಟೆ ಎಷ್ಟು ಕುಗ್ಗುತ್ತದೆಂಬುದನ್ನು ಮೊದಲೇ ಲೆಕ್ಕ ಹಾಕುವುದು, ಒಂದು ಪೀಸಿಗೆ ತಗಲುವ ಖರ್ಚನ್ನು ಬಿಡಿಸಿ ಬರೆಯುವುದು, ಇವಿಷ್ಟನ್ನು ಕಲಿಸುವ ಒಂದು ಭಾನುವಾರದ ಕಾರ್ಯಾಗಾರವನ್ನು ಕೌಲ್ ಬಜಾರಿನಲ್ಲಿ ಇಟ್ಟುಕೊಂಡಿದ್ದೆ. ಊಟ ಸೇರಿ ಶುಲ್ಕ 799 ರೂಪಾಯಿ. ಪ್ರಚಾರ ವಹಿಸಿಕೊಂಡ ಏಜೆನ್ಸಿಯವರು 100 ರಿಜಿಸ್ಟ್ರೇಷನ್ ಮಾಡಿಸಿಕೊಡುತ್ತೇವೆಂದು ಬರವಣಿಗೆಯಲ್ಲಿಯೇ ಕೊಟ್ಟಿದ್ದರು. ಅವರ ಕೂಲಿ 12,000 ರೂಪಾಯಿ, ಅರ್ಧ ಮುಂಗಡ. ಜಾಹೀರಾತಿಗೆ 15,000 ಮತ್ತು ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಹಾಜರಾತಿಯ ನೆನಪೋಲೆಗಳನ್ನು ವಾಟ್ಸ್‌ಆ್ಯಪ್ ಎಪಿಐ ಎಂಬ, ವ್ಯಾಪಾರಿಗಳಿಗೆಂದೇ ಇರುವ ಸೇವೆಯ ಮೂಲಕ ಕಳುಹಿಸುವುದಕ್ಕೆ ಪ್ರತ್ಯೇಕವಾಗಿ 2,000.

ಪ್ರತಿದಿನ ಸಂಜೆ ಒಂದು ಎಕ್ಸೆಲ್ ಪಟ್ಟಿ ಬರುತ್ತಿತ್ತು. ಹೆಸರು, ಊರು, ಮೊಬೈಲ್ ನಂಬರ್. ಪಟ್ಟಿ 250 ಹೆಸರುಗಳವರೆಗೆ ಬೆಳೆಯಿತು. “ಮಾಸ್ಟ್ರೇ, 60 ರೂಪಾಯಿಗೆ ಒಂದು ರಿಜಿಸ್ಟ್ರೇಷನ್ ಬಿದ್ದಿದೆ, ಇಷ್ಟು ಕಡಿಮೆಗೆ ಯಾರೂ ಕೊಡಲ್ಲ” ಎಂದು ಅವರು ಹೇಳಿದ್ದನ್ನು ಕೇಳಿ ನಾನು ದೊಡ್ಡ ಹಾಲ್ ಹಿಡಿದೆ, ಅಡುಗೆಯವರಿಗೆ 80 ಜನರ ಊಟ ಹೇಳಿದೆ. ಹಾಲ್ ಬದಲಾದ್ದರಿಂದ 10 ಗಂಟೆಗೆ ಆರಂಭವಾಗಬೇಕಿದ್ದದ್ದು 9 ಗಂಟೆಗೆ ಬಂತು, ಆ ಬದಲಾವಣೆಯನ್ನು ಎಲ್ಲರಿಗೂ ತಿಳಿಸಿ ಎಂದು ಏಜೆನ್ಸಿಗೆ ಬರೆದು ಕಳುಹಿಸಿದೆ.

ಹಣ ಮಾತ್ರ ಬರುತ್ತಿರಲಿಲ್ಲ. ಕೇಳಿದಾಗಲೆಲ್ಲ “ಪೇಮೆಂಟ್ ಲಿಂಕ್ ಹೋಗಿದೆ, ಕೊನೆಯ ಎರಡು ದಿನದಲ್ಲೇ ಎಲ್ಲರೂ ಕಟ್ಟೋದು” ಎಂಬ ಉತ್ತರ ಬರುತ್ತಿತ್ತು. ಶುಕ್ರವಾರ ರಾತ್ರಿ ಪಟ್ಟಿಯಲ್ಲಿದ್ದ ಸಿಂಧನೂರಿನ ಒಬ್ಬರಿಗೆ ನಾನೇ ಫೋನ್ ಮಾಡಿದೆ. ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ನಾನೇನೂ ತುಂಬಿಲ್ರಿ ಸರ. ಫೇಸ್‌ಬುಕ್ಕಿನ್ಯಾಗ ಜೀನ್ಸ್ ಫ್ಯಾಕ್ಟರಿ ಕೆಲಸ ಅಂತ ಬಂದಿತ್ತು, ಒತ್ತಿದೆ. ರೊಕ್ಕ ಕಟ್ಟೋದು ಐತೇನ್ರಿ ಇದಕ್ಕ?” ಮುಂದಿನ ನಂಬರಿಗೆ ಮಾಡಿದೆ, ಅದೇ ಮಾತು. ಅದರ ಮುಂದಿನವರೂ ಕೆಲಸ ಯಾವಾಗ ಕೊಡುತ್ತೀರಿ ಎಂದೇ ಕೇಳಿದರು. ಆ ಕ್ಷಣದಲ್ಲಿ ನನಗೆ ಕೈಕಾಲು ತಣ್ಣಗಾಯಿತು. 250 ಜನರ ಪೈಕಿ ಶುಲ್ಕ ಇದೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ!

ಫೇಸ್‌ಬುಕ್‌ನ ಆ್ಯಡ್ ಲೈಬ್ರರಿಯಲ್ಲಿ ಚಾಲ್ತಿಯಲ್ಲಿರುವ ಜಾಹೀರಾತುಗಳನ್ನು ಯಾರು ಬೇಕಾದರೂ ಪೇಜಿನ ಹೆಸರು ಹಾಕಿ ನೋಡಬಹುದು. ನೋಡಿದೆ. ನಾನು ಒಪ್ಪಿಗೆ ಕೊಟ್ಟ ಪೋಸ್ಟರಿನಲ್ಲಿ ಶುಲ್ಕ, ಸ್ಥಳ, ವಿಷಯ ಮೂರೂ ಇದ್ದವು. ಓಡುತ್ತಿದ್ದ ಜಾಹೀರಾತಿನಲ್ಲಿ “ಜೀನ್ಸ್ ಉದ್ಯಮದಲ್ಲಿ ತಿಂಗಳಿಗೆ 30,000 ಗಳಿಸಿ, ಇಂದೇ ಹೆಸರು ನೋಂದಾಯಿಸಿ” ಎಂಬ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಶುಲ್ಕದ ಸುದ್ದಿ ಎಲ್ಲಿಯೂ ಇಲ್ಲ. ಅದಕ್ಕೆ ಜೋಡಿಸಿದ್ದು ಫೇಸ್‌ಬುಕ್‌ನೊಳಗೇ ತೆರೆಯುವ ಲೀಡ್ ಫಾರ್ಮ್. ಆ ಫಾರ್ಮಿನಲ್ಲಿ ಹೆಸರು ಮತ್ತು ನಂಬರ್ ನಮ್ಮ ಪ್ರೊಫೈಲಿನಿಂದ ತಾನಾಗಿಯೇ ತುಂಬಿಕೊಂಡಿರುತ್ತವೆ, ಜನರು ಗುಂಡಿ ಒತ್ತಿದರೆ ಸಾಕು. ಫಾರ್ಮ್ ಮಾಡುವಾಗ `More volume` ಮತ್ತು `Higher intent` ಎಂಬ ಆಯ್ಕೆಗಳಿರುತ್ತವೆ. ಎರಡನೆಯದನ್ನು ಆರಿಸಿದರೆ ಕಳುಹಿಸುವ ಮೊದಲು ವಿವರಗಳನ್ನು ಇನ್ನೊಮ್ಮೆ ತೋರಿಸಿ ಖಚಿತಪಡಿಸಿಕೊಳ್ಳುತ್ತದೆ. ಬೇಕಿದ್ದರೆ “ಶುಲ್ಕ 799 ಇದೆ, ಒಪ್ಪಿಗೆಯೇ?” ಎಂಬ ಪ್ರಶ್ನೆಯನ್ನೂ ಸೇರಿಸಬಹುದು. ಹಾಗೆ ಮಾಡಿದರೆ ಹೆಸರುಗಳು ಕಡಿಮೆಯಾಗುತ್ತವೆ, ಒಂದೊಂದು ಹೆಸರಿನ ಬೆಲೆ ಏರುತ್ತದೆ, ಇವರ 60 ರೂಪಾಯಿಯ ಜಂಬ ಉಳಿಯುವುದಿಲ್ಲ. ಆದ್ದರಿಂದಲೇ ಮಾಡಲಿಲ್ಲ.

ಕೊನೆಗೆ ಹಣ ಕಟ್ಟಿದವರು 23 ಜನ. ಜಿಎಸ್‌ಟಿ ಸೇರಿ 17,700 ರೂಪಾಯಿಯನ್ನು 23ರಿಂದ ಭಾಗಿಸಿ ನೋಡಿ, ತಲೆಗೆ ಸುಮಾರು 770 ರೂಪಾಯಿ ಜಾಹೀರಾತಿಗೇ ಹೋಗಿದೆ. 799ರಲ್ಲಿ ಉಳಿದ 29 ರೂಪಾಯಿಯಲ್ಲಿ ನಾನು ಹಾಲ್ ಬಾಡಿಗೆ ಕೊಡಬೇಕು, ಊಟ ಹಾಕಬೇಕು, ಪ್ಯಾಟರ್ನ್ ಪೇಪರ್ ಕೊಡಬೇಕು. ಇದನ್ನು ಮುಂದಿಟ್ಟಾಗ ಬಂದ ಉತ್ತರ: “ಲೀಡ್ ಕೊಡೋದು ನಮ್ಮ ಕೆಲಸ, ಕನ್ವರ್ಟ್ ಮಾಡೋದು ನಿಮ್ಮ ಕೆಲಸ ಸರ್.” ಒಪ್ಪಂದದಲ್ಲಿ ಬರೆದದ್ದು ರಿಜಿಸ್ಟ್ರೇಷನ್ ಎಂದಲ್ಲವೇ ಎಂದರೆ, “ಫಾರ್ಮ್ ಸಬ್ಮಿಟ್ ಆಗೋದನ್ನೇ ನಮ್ಮಲ್ಲಿ ರಿಜಿಸ್ಟ್ರೇಷನ್ ಅಂತೀವಿ.”

ಹಣ ಕಟ್ಟಿದ 23 ಜನರಾದರೂ ಬಂದರೇ? ಬಂದವರು 11. ಭಾನುವಾರ ಮಧ್ಯಾಹ್ನ, ಉಳಿದ ಊಟದ ಪಾತ್ರೆಗಳನ್ನು ಅಡುಗೆಯವರು ನನ್ನ ಮುಖ ನೋಡದೆ ಮುಚ್ಚುತ್ತಿದ್ದಾಗ, ಸಿರುಗುಪ್ಪದಿಂದ ಹಣ ಕಟ್ಟಿದ್ದ ಒಬ್ಬ ತಾಯಿಯ ಫೋನ್ ಬಂತು. “ಮಾಸ್ಟ್ರೇ, ಹಳೆ ಹಾಲ್ ಹತ್ರ ನಿಂತೀನಿ, ಬೀಗ ಹಾಕ್ಯದೆ. ಯಾರೂ ಏನೂ ಹೇಳಲೇ ಇಲ್ಲ.” ಅವರಿಗೆ ಏನೆಂದು ಉತ್ತರ ಕೊಡಬೇಕಿತ್ತು ನಾನು?

ಏಜೆನ್ಸಿಯವರನ್ನು ಕೇಳಿದರೆ “ನಮ್ಮ ಕಡೆಯಿಂದ ಮೂರೂ ರಿಮೈಂಡರ್ ಸೆಂಟ್ ಆಗಿದೆ” ಎಂದು ಒಂದು ಸ್ಕ್ರೀನ್‌ಶಾಟ್ ಕಳುಹಿಸಿದರು. ಅದರಲ್ಲಿಯೇ ಸತ್ಯ ಹೊರಬಿತ್ತು. ಅದು ಎಪಿಐ ಅಲ್ಲ, ಯಾರದೋ ಮೊಬೈಲಿನ ಬ್ರಾಡ್‌ಕಾಸ್ಟ್ ಲಿಸ್ಟ್! ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಕಳುಹಿಸಿದ ಸಂದೇಶವು ಕಳುಹಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರುವವರಿಗೆ ಮಾತ್ರ ತಲುಪುತ್ತದೆ. ಏಜೆನ್ಸಿಯ ಹುಡುಗನ ನಂಬರನ್ನು ಸಿರುಗುಪ್ಪದ ಆ ತಾಯಿ ಏಕೆ ಸೇವ್ ಮಾಡಿಕೊಂಡಿರುತ್ತಾರೆ? ಎಪಿಐ ಆಗಿದ್ದರೆ ವಾಟ್ಸ್‌ಆ್ಯಪ್‌ನಿಂದ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟಿನ ಮೂಲಕ ಸೇವ್ ಮಾಡದವರಿಗೂ ಸಂದೇಶ ಹೋಗುತ್ತಿತ್ತು. ಅದಕ್ಕೆ ಶುಲ್ಕ ತಗಲುತ್ತದೆ, ಆ ಶುಲ್ಕಕ್ಕೆಂದೇ ನನ್ನಿಂದ 2,000 ಪಡೆದಿದ್ದರು. ಸಂದೇಶವನ್ನು ಒತ್ತಿ ಹಿಡಿದು ‘ಇನ್ಫೋ’ ತೆರೆದರೆ ಯಾರಿಗೆ ತಲುಪಿದೆ ಎಂಬ ಪಟ್ಟಿ ಕಾಣುತ್ತದೆ, ಅದರ ಚಿತ್ರ ಕಳುಹಿಸಿ ಎಂದೆ. “ಅದು ಪ್ರೈವಸಿ ಸರ್, ಶೇರ್ ಮಾಡಕ್ಕಾಗಲ್ಲ.” ನನ್ನ ಕಾರ್ಯಾಗಾರಕ್ಕೆ ಹಣ ಕಟ್ಟಿದವರ ಹೆಸರನ್ನು ನನಗೇ ತೋರಿಸಿದರೆ ಯಾರ ಪ್ರೈವಸಿ ಹಾಳಾಗುತ್ತದೆಯೋ ದೇವರೇ ಬಲ್ಲ. ಬಾಕಿ ಕೂಲಿ ಕೇಳುವ ಅವರ ರಿಮೈಂಡರ್ ಮಾತ್ರ ನನಗೆ ತಪ್ಪದೆ ಬರುತ್ತಿದೆ, ನಾನು ಕೊಡುವುದಿಲ್ಲ.

ಜಾಹೀರಾತಿನ ಲೆಕ್ಕ ತೋರಿಸಿ ಎಂದರೆ “ಅದು ಏಜೆನ್ಸಿ ಅಕೌಂಟ್, ಬೇರೆ ಕ್ಲೈಂಟ್‌ಗಳದ್ದೂ ಇದೆ” ಎನ್ನುತ್ತಾರೆ. ಹೀಗಾಗಿ 15,000 ಪೂರ್ತಿ ಜಾಹೀರಾತಿಗೇ ಹೋಯಿತೇ ಎಂಬುದನ್ನು ನೋಡುವ ದಾರಿಯೇ ನನಗಿಲ್ಲ. ನೀವು ಪ್ರಚಾರದ ಕೆಲಸವನ್ನು ಏಜೆನ್ಸಿಗೆ ಕೊಡುವುದಾದರೆ ಆ್ಯಡ್ ಅಕೌಂಟನ್ನು ನಿಮ್ಮ ಹೆಸರಿನಲ್ಲಿಯೇ ತೆರೆದು, ಅವರಿಗೆ ಪಾರ್ಟ್ನರ್ ಪ್ರವೇಶ ಮಾತ್ರ ಕೊಡಿ, ಕಾರ್ಡಿನ ಹಣ ನಿಮ್ಮದೇ ಅಕೌಂಟಿನಿಂದ ಕಡಿತವಾಗಲಿ. ಒಪ್ಪಂದದಲ್ಲಿ ‘ಶುಲ್ಕ ಪಾವತಿಸಿದವರು’ ಎಂದೇ ಬರೆಸಿ. ನೆನಪೋಲೆಯ ಕೆಲಸವನ್ನಂತೂ ಯಾರ ಕೈಗೂ ಕೊಡಬೇಡಿ, 23 ಜನರಿಗೆ ನಾನೇ ಕುಳಿತು ಫೋನ್ ಮಾಡಿದ್ದರೆ ಒಂದು ಗಂಟೆಯ ಕೆಲಸವಾಗುತ್ತಿತ್ತು.

ಬಾರದೆ ಉಳಿದ 12 ಜನರಿಗೆ ಹಣ ಹಿಂದಿರುಗಿಸಿದ್ದೇನೆ. ಆ 250 ಜನರ ಪಟ್ಟಿ ಇನ್ನೂ ಏಜೆನ್ಸಿಯವರ ಕೈಯಲ್ಲಿಯೇ ಇದೆ. ಜೀನ್ಸ್ ಕೆಲಸ ಕೊಡಿಸುತ್ತೇವೆಂದು ಯಾರಾದರೂ ನನ್ನ ಕಾರ್ಯಾಗಾರದ ಹೆಸರು ಹೇಳಿ ಹಣ ಕೇಳಿದರೆ ದಯವಿಟ್ಟು ಕಟ್ಟಬೇಡಿ, ನಾನು ಯಾರಿಗೂ ಕೆಲಸ ಕೊಡಿಸುವುದಾಗಿ ಹೇಳಿಲ್ಲ.